ವಿಷಯ: ನಿನ್ನೆಯ ಕರೆಗೆ ತಡವಾಗಿ ಸೇರಿದ್ದಕ್ಕೆ ಕ್ಷಮೆ, ಶನಿವಾರ ಬೆಳಿಗ್ಗೆ 11ಕ್ಕೆ ಮಾತನಾಡಬಹುದೇ?

ಮಾನ್ಯ ಸರ್ ಅವರಿಗೆ ನಮಸ್ಕಾರಗಳು.

ನಿನ್ನೆ, ಗುರುವಾರ ಸಂಜೆ 7 ಗಂಟೆಗೆ ನಿಗದಿಯಾಗಿದ್ದ ವಿಡಿಯೋ ಕರೆಗೆ ನಾನು ಸೇರುವ ಹೊತ್ತಿಗೆ 7.50 ಆಗಿತ್ತು. ಅಷ್ಟರಲ್ಲಿ ತಾವು ಅರ್ಧ ಗಂಟೆಗೂ ಹೆಚ್ಚು ಕಾದು ಹೊರಟಿದ್ದಿರೆಂದು ಪುಟವಿನ್ಯಾಸ ಮಾಡುತ್ತಿರುವ ರೇಖಾ ಅವರಿಂದ ತಿಳಿಯಿತು. ಸಂಜೆಯ ನಡಿಗೆಯನ್ನೂ ಬಿಟ್ಟು, ಲೇಖನದ ಕರಡನ್ನು ಎದುರಿಗಿಟ್ಟುಕೊಂಡು ಕುಳಿತಿದ್ದ ತಮ್ಮನ್ನು ಹೀಗೆ ಕಾಯಿಸಿದ್ದಕ್ಕೆ ಮನಃಪೂರ್ವಕವಾಗಿ ಕ್ಷಮೆ ಕೇಳುತ್ತೇನೆ.

ಕಚೇರಿಯಿಂದ ಹೊರಟು ಡೊಂಬಿವಲಿಯ ಮನೆ ತಲುಪಿಯೇ ಕರೆಗೆ ಕೂರಬಹುದೆಂದು ಲೆಕ್ಕ ಹಾಕಿದ್ದೆ. ಠಾಣೆ ದಾಟಿದ ಮೇಲೆ ಫಾಸ್ಟ್ ಲೋಕಲ್ ಮುಂಬ್ರಾದ ಹತ್ತಿರ ನಿಂತುಬಿಟ್ಟಿತು. ಅಲ್ಲಿ ಫೋನಿಗೆ ಸಿಗ್ನಲ್ ಸಿಗಲಿಲ್ಲ. ಆದರೆ ಮುಂಬಯಿಯಲ್ಲಿ ಇಷ್ಟು ವರ್ಷ ಓಡಾಡಿದವಳು ಲೋಕಲ್ ತಡವಾಯಿತೆಂಬುದನ್ನು ಕಾರಣವೆಂದು ಮುಂದಿಡುವುದು ಸರಿಯಲ್ಲ. ಠಾಣೆಯಲ್ಲೇ ಹೊತ್ತು ಮೀರುವ ಸೂಚನೆ ಕಂಡಿತ್ತು. ಆಗಲೇ ತಮಗೊಂದು ಸಂದೇಶ ಕಳಿಸಬೇಕಿತ್ತು.

ತಮಗೆ ಅನುಕೂಲವಾದರೆ ನಾಳೆ, ಶನಿವಾರ, ಅಕ್ಟೋಬರ್ 11ರಂದು ಬೆಳಿಗ್ಗೆ 11 ಗಂಟೆಗೆ ಮಾತನಾಡೋಣವೆಂದು ಕೋರುತ್ತೇನೆ. ಅದು ಆಗದಿದ್ದರೆ ಭಾನುವಾರ ಸಂಜೆ 4 ಗಂಟೆಯೂ ಆದೀತು. ಎರಡೂ ದಿನ ನಾನು ಮನೆಯಲ್ಲೇ ಇರುತ್ತೇನೆ, ರೇಖಾ ಅವರೂ ಎರಡಕ್ಕೂ ಒಪ್ಪಿದ್ದಾರೆ. ವಿಡಿಯೋದ ತಾಪತ್ರಯ ಬೇಡವೆನಿಸಿದರೆ ತಮ್ಮ ಮನೆಯ ಫೋನಿಗೇ ಕರೆ ಮಾಡುತ್ತೇನೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ಹೊರಬರಬೇಕಾದರೆ 15ರ ಬುಧವಾರದೊಳಗೆ ಪುಟಗಳು ಮುದ್ರಣಾಲಯಕ್ಕೆ ಹೋಗಬೇಕು. ಹಾಗಾಗಿ ಭಾನುವಾರವನ್ನು ದಾಟಿಸಲು ಧೈರ್ಯ ಸಾಲದು.

ತಮ್ಮ ಸಮಯ ಉಳಿಯಲೆಂದು, ಕೇಳಬೇಕಾದ್ದನ್ನು ಇಲ್ಲೇ ಬರೆದಿದ್ದೇನೆ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ ಹುಡುಗರ ಬಗ್ಗೆ ತಾವು ಬರೆದಿರುವ ಭಾಗ ಇಡೀ ಲೇಖನದ ಜೀವಾಳ. ಅದರಲ್ಲಿ ಒಂದು ಸಾಲನ್ನೂ ತೆಗೆಯುವ ಮನಸ್ಸಿಲ್ಲ. ಬದಲಿಗೆ, ಮಾಟುಂಗಾದಲ್ಲಿ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ನಿನ ವಿವರ ಸಂಚಿಕೆಯ ಬೇರೊಂದು ಲೇಖನದಲ್ಲೂ ಬಂದಿರುವುದರಿಂದ, ತಮ್ಮ ಲೇಖನದಲ್ಲಿ ಆ ಪರಿಚ್ಛೇದವನ್ನು ನಾಲ್ಕು ಸಾಲಿಗೆ ಇಳಿಸಬಹುದೇ ಎಂಬುದು ಮುಖ್ಯ ಪ್ರಶ್ನೆ. ಉಳಿದದ್ದು ಹಳೆಯ ಛಾಯಾಚಿತ್ರದ ಕೆಳಗಿನ ಬರಹ ಮಾತ್ರ. ತಿದ್ದಿದ ಕರಡನ್ನು ದೊಡ್ಡ ಅಕ್ಷರಗಳಲ್ಲಿ ಲಗತ್ತಿಸಿದ್ದೇನೆ. ಅರ್ಧ ಗಂಟೆಗಿಂತ ಹೆಚ್ಚು ಬೇಕಾಗಲಾರದು.

ಎರಡರಲ್ಲಿ ಯಾವ ಸಮಯ ಸರಿಹೊಂದುತ್ತದೆಂದು ಇಂದು ರಾತ್ರಿಯೊಳಗೆ ಒಂದು ಸಾಲು ಬರೆದರೆ ಸಾಕು. ಲಿಂಕನ್ನು ಕೂಡಲೇ ಕಳಿಸಿ, ಹತ್ತು ನಿಮಿಷ ಮುಂಚೆಯೇ ಸೇರಿರುತ್ತೇನೆ.

ಗೌರವಪೂರ್ವಕವಾಗಿ,
ಸುಮತಿ
ಸ್ಮರಣ ಸಂಚಿಕೆ ಸಂಪಾದಕ ಸಮಿತಿಯ ಪರವಾಗಿ
ಡೊಂಬಿವಲಿ