ಮಾಣಿಯ ಜರ್ಮನ್ ಮಾರ್ಕ್ಸ್‌ಕಾರ್ಡ್

ಗಣಪಣ್ಣ, ಅತ್ತಿಗೆ,

ಹ್ಯಾನೋವರ್‌ನಿಂದ ಬಂದ ಎರಡೂ ಫೋಟೊ ನೋಡಿದೆ. ಗಣಿತಕ್ಕೆ 1, ವಿಜ್ಞಾನಕ್ಕೆ 2 ಕಂಡು ನೀವಿಬ್ಬರೂ ಹೆದರಿದ್ದೀರಿ. ಹೆದರಬೇಡಿ, ಅವು ಮಾಣಿಯ ಅತ್ಯುತ್ತಮ ವಿಷಯಗಳು. ಅಲ್ಲಿ 1ರಿಂದ 6ರವರೆಗಿನ ಶ್ರೇಣಿ ಕೊಡುತ್ತಾರೆ, ಅಂಕಿ ಸಣ್ಣದಾದಷ್ಟೂ ಒಳ್ಳೆಯದು. ನಮ್ಮ ಎಸೆಸೆಲ್ಸಿಯ ಹಾಗೆ ನೂರಕ್ಕೆ ಇಷ್ಟು ಎಂದಲ್ಲ.

1 ಬಹಳ ಒಳ್ಳೆಯದು, 2 ಒಳ್ಳೆಯದು, 3 ತೃಪ್ತಿಕರ, 4 ಪಾಸಾಗಲು ಸಾಕು. 5 ಮತ್ತು 6 ಮಾತ್ರ ಕೊರತೆ. ಇಂಗ್ಲಿಷಿನ 3 ಸಾಧಾರಣ ಶ್ರೇಣಿ, ಅದಕ್ಕೆ ಬೈಯಬೇಡಿ. ಶೇಕಡಾಕ್ಕೆ ಪರಿವರ್ತಿಸಲೂ ಹೋಗಬೇಡಿ, ಲೆಕ್ಕ ತಪ್ಪುತ್ತದೆ.

ಎರಡನೇ ಫೋಟೊ ಗಣಿತ ಪರೀಕ್ಷೆಯ ಹಾಳೆ. ಕೆಂಪು ಶಾಯಿಯಲ್ಲಿರುವುದು 7 ಅಲ್ಲ, 1. ಅಲ್ಲಿಯವರು 1ರ ತಲೆಗೆ ಉದ್ದನೆಯ ಗೆರೆ ಎಳೆಯುತ್ತಾರೆ, 7ಕ್ಕೆ ನಡುವೆ ಅಡ್ಡಗೆರೆ ಹಾಕುತ್ತಾರೆ. ಹೇಗೂ 6ರ ಮೇಲೆ ಶ್ರೇಣಿಯೇ ಇಲ್ಲ.

ನಿಜವಾಗಿ ಗಮನ ಕೊಡಬೇಕಾದದ್ದು ನೀವು ಖುಷಿಪಟ್ಟ ಜರ್ಮನ್ ಭಾಷೆಯ 5. ಪಕ್ಕದಲ್ಲೇ 'ಮಂಗೆಲ್‌ಹಾಫ್ಟ್' ಎಂದಿದೆ, ಅಂದರೆ ಕೊರತೆಯಿದೆ. ಹೋಗಿ ಒಂದೂವರೆ ವರ್ಷವಾಗಿರುವ ಹುಡುಗನಿಗೆ ಇದು ಅಚ್ಚರಿಯಲ್ಲ. ಅಲ್ಲಿ ಬರೆವ ಪರೀಕ್ಷೆಯ ಜೊತೆಗೆ ತರಗತಿಯಲ್ಲಿ ಕೈಯೆತ್ತಿ ಮಾತಾಡುವುದಕ್ಕೂ ಶ್ರೇಣಿಯಲ್ಲಿ ದೊಡ್ಡ ಪಾಲಿದೆ. ಗೊತ್ತಿದ್ದೂ ಸುಮ್ಮನೆ ಕೂತರೆ ಶ್ರೇಣಿ ಕೆಡುತ್ತದೆ. ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ, ಮೇಷ್ಟ್ರು ಕೇಳದೆ ಬಾಯಿ ತೆಗೆಯಬಾರದೆಂದು ನಾವೇ ಕಲಿಸಿರುತ್ತೇವಲ್ಲ.

ಇದು ಅರ್ಧವರ್ಷದ ಕಾರ್ಡ್. ಮುಂದಿನ ತರಗತಿಗೆ ಹೋಗುವುದು ನಿರ್ಧಾರವಾಗುವುದು ಬೇಸಿಗೆಯ ಕಾರ್ಡಿನಲ್ಲಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆದರೆ ಹ್ಯಾನೋವರ್ ಇರುವ ರಾಜ್ಯದಲ್ಲಿ ಒಂದೇ ಒಂದು 5 ಇದ್ದರೆ ತಡೆಯುವುದಿಲ್ಲ. ಇನ್ನೊಂದು ವಿಷಯದಲ್ಲೂ 5 ಬಂದರೆ ಆಗ ಎಚ್ಚರ.

ನಡತೆಯ ಸಾಲಿನಲ್ಲಿ 'ನಿರೀಕ್ಷೆಗೆ ತಕ್ಕಂತಿದೆ' ಎಂದು ಬರೆದಿದ್ದಾರೆ. ಓದಲು ತಣ್ಣಗಿದ್ದರೂ ಅದು ಐದು ಹಂತಗಳಲ್ಲಿ ನಡುವಿನದು, ದೂರಲ್ಲ. ಗೈರು 4 ದಿನ, ಅನುಮತಿಯಿಲ್ಲದ್ದು 0. ಚೀಟಿ ಕೊಟ್ಟೇ ರಜೆ ಹಾಕಿದ್ದಾನೆ.

ಮುಂದೆ ಕೊನೆಯ ತರಗತಿಗಳಲ್ಲಿ ಲೆಕ್ಕ ತಿರುಗುತ್ತದೆ: 0ರಿಂದ 15 ಪಾಯಿಂಟ್, ದೊಡ್ಡದೇ ಒಳ್ಳೆಯದು. ಆಗ ಮತ್ತೆ ಗಲಿಬಿಲಿಯಾಗದಿರಲಿ.

ಫೋಟೊದ ಕೆಳಗಿನ ಎರಡು ಬೆರಳಷ್ಟು ತುಂಡಾಗಿದೆ. 'ಬೆಮೆರ್ಕುಂಗೆನ್', ಅಂದರೆ ಷರಾ, ಅಲ್ಲೇ ಇರುತ್ತದೆ. ಕಾರ್ಡನ್ನು ಮೇಜಿನ ಮೇಲಿಟ್ಟು, ನಾಲ್ಕೂ ಮೂಲೆ ಬರುವಂತೆ ಇನ್ನೊಮ್ಮೆ ತೆಗೆದು ಕಳಿಸಲು ಅವನ ದೊಡ್ಡಪ್ಪನಿಗೆ ಹೇಳಿ. ಹೊಸದಾಗಿ ಬಂದ ಮಕ್ಕಳಿಗೆ ಜರ್ಮನ್ ಕಲಿಸುವ ಹೆಚ್ಚುವರಿ ಪಾಠ ಶಾಲೆಯಲ್ಲಿ ಇದೆಯೇ ಎಂದೂ ಅವರೇ ಕ್ಲಾಸ್ ಟೀಚರನ್ನು ಕೇಳಲಿ.

ಈಗ ಚಳಿಗಾಲ, ಶಿರಸಿಯ ರಾತ್ರಿ ಎಂಟು ಅಲ್ಲಿ ಮಧ್ಯಾಹ್ನ ಮೂರೂವರೆ. ಆ ಹೊತ್ತಿಗೆ ಫೋನು ಮಾಡಿ. ಗಣಿತದ 1ರ ಮಾತು ಮೊದಲು ಎತ್ತಿ.