ಪ್ರಭಾರ ಹಸ್ತಾಂತರ ಟಿಪ್ಪಣಿ: ಮಣ್ಣು ಮಾದರಿಯ ಸ್ಥಳಗಳು, ಸಂಕೇತಗಳು ಮತ್ತು ಬಾಕಿ ಇರುವ ಫಲಿತಾಂಶಗಳು

ಬೆಂಗಳೂರು, 28 ನವೆಂಬರ್ 2025

ಇವರಿಗೆ: ಮಣ್ಣು ಪರೀಕ್ಷಾ ವಿಭಾಗಕ್ಕೆ ಹೊಸದಾಗಿ ಬರುವ ತಂತ್ರಜ್ಞರು
ಪ್ರತಿ: ವಿಭಾಗದ ಮುಖ್ಯಸ್ಥರ ಮಾಹಿತಿಗಾಗಿ

ಮಾನ್ಯರೇ,

ನಾನು ಇಂದು ಸಂಜೆ ಕರ್ತವ್ಯದಿಂದ ಬಿಡುಗಡೆ ಹೊಂದುತ್ತಿದ್ದು, ತಾವು ಮುಂದಿನ ವಾರ ಸೇರುವುದರಿಂದ ಜೊತೆಯಲ್ಲಿ ಒಮ್ಮೆಯಾದರೂ ಹೊಲಗಳಿಗೆ ಹೋಗಿಬರುವ ಅವಕಾಶ ನಮಗೆ ಸಿಗಲಿಲ್ಲ. ಆದ್ದರಿಂದ ರಿಜಿಸ್ಟರಿನಲ್ಲಿ ಇಲ್ಲದ ಸಂಗತಿಗಳನ್ನೇ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಸದ್ಯ ಮೂರು ಕಡೆಯ ಮಾದರಿಗಳು ನಮ್ಮ ಕೈಯಲ್ಲಿವೆ. ಹೆಸರಘಟ್ಟದ ಸುತ್ತಿನ ಮಳೆಯಾಶ್ರಿತ ರಾಗಿ ಹೊಲಗಳಿಗೆ HSG, ವರ್ತೂರು ಕೆರೆಯ ಕೆಳಗಿನ ಸೊಪ್ಪಿನ ತೋಟಗಳಿಗೆ VRT, ದೇವನಹಳ್ಳಿಯ ದ್ರಾಕ್ಷಿ ಮತ್ತು ಚಕ್ಕೋತ ತೋಟಗಳಿಗೆ DVH ಎಂಬ ಅಕ್ಷರಗಳನ್ನು ಬಳಸಿದ್ದೇವೆ. ಪೂರ್ಣ ಸಂಕೇತ ಹೀಗಿರುತ್ತದೆ:

```
VRT-03-A-2511
```

ಇದರಲ್ಲಿ 03 ಎಂಬುದು ಸ್ಥಳದ ಸಂಖ್ಯೆ, A ಎಂಬುದು ಆಳ, 2511 ಎಂಬುದು ಮಾದರಿ ತೆಗೆದ ವರ್ಷ ಮತ್ತು ತಿಂಗಳು. A ಎಂದರೆ 0–15 ಸೆಂ.ಮೀ., B ಎಂದರೆ 15–30 ಸೆಂ.ಮೀ., C ಎಂದರೆ 30–60 ಸೆಂ.ಮೀ. ಕೊನೆಯಲ್ಲಿ Q ಇದ್ದರೆ ಆ ಮಾದರಿಯ ಗುರುತಿನ ಬಗ್ಗೆ ನನಗೆ ಸಂಶಯವಿದೆ ಎಂದು ತಿಳಿಯಬೇಕು. ಒಮ್ಮೆ ಒಂದು ಸ್ಥಳಕ್ಕೆ ಕೊಟ್ಟ ಸಂಖ್ಯೆಯನ್ನು ಯಾವ ಕಾರಣಕ್ಕೂ ಇನ್ನೊಂದು ಸ್ಥಳಕ್ಕೆ ಕೊಡಬಾರದೆಂದು ತಮ್ಮಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. HSG-04 ಇದ್ದ ಜಾಗದಲ್ಲಿ ಕಳೆದ ಆಗಸ್ಟ್‌ನಲ್ಲಿ ರೈತರು ಕೃಷಿ ಹೊಂಡ ತೋಡಿಸಿದರು. ಅದೇ ಹೊಲದ ಮೇಲ್ಭಾಗದಲ್ಲಿ ನಾನು ಗುರುತಿಸಿದ ಹೊಸ ಸ್ಥಳಕ್ಕೆ HSG-09 ಎಂದು ಸಂಖ್ಯೆ ಕೊಟ್ಟಿದ್ದೇನೆ. ಎರಡರ ನಡುವೆ ಅರವತ್ತು ಹೆಜ್ಜೆಯಷ್ಟೇ ಅಂತರವಿದ್ದರೂ ಮೇಲಿನದು ಗರಸು ಬೆರೆತ ಕೆಂಪು ಮಣ್ಣು, ಕೆಳಗಿನದು ಮಳೆನೀರು ತಂದು ಹಾಕಿದ ಗೋಡು ಮಣ್ಣು. ಇವೆರಡರ ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆದರೆ ಮಣ್ಣು ಬದಲಾಯಿತೆಂದು ಓದುವವರು ತಪ್ಪು ತಿಳಿಯುತ್ತಾರೆ, ನಿಜವಾಗಿ ಬದಲಾಗಿರುವುದು ಜಾಗ.

ಹೆಸರಘಟ್ಟದ ಸ್ಥಳಗಳನ್ನು ಹುಡುಕಲು ಮೊಬೈಲಿನ ಜಿಪಿಎಸ್ ಒಂದನ್ನೇ ನಂಬಬೇಡಿ. ಮರಗಳ ಹತ್ತಿರ ಅದು ಹಲವು ಮೀಟರ್ ಆಚೀಚೆ ತೋರಿಸುತ್ತದೆ. ಪ್ರತಿ ಹೊಲದ ಬದುವಿನ ಮೇಲೆ ಸುಣ್ಣ ಬಳಿದ ಒಂದು ಕಲ್ಲಿದ್ದು, ಅಲ್ಲಿಂದ ಎಷ್ಟು ಹೆಜ್ಜೆ, ಯಾವ ದಿಕ್ಕಿಗೆ ಎಂಬುದನ್ನು ಫೀಲ್ಡ್ ಬುಕ್ಕಿನಲ್ಲಿ ನಕ್ಷೆಯೊಂದಿಗೆ ಬರೆದಿದ್ದೇನೆ. HSG-06ರ ಕಲ್ಲು ಟ್ರ್ಯಾಕ್ಟರ್ ತಗುಲಿ ಉರುಳಿರುವುದರಿಂದ ಅಲ್ಲಿ ಹೊಂಗೆ ಮರದ ಬುಡದಿಂದ ಅಳೆಯಬೇಕು. ಈ ಹೊಲಗಳಲ್ಲಿ ರಾಗಿ ಕೊಯ್ಲಾದ ನಂತರದ ಮಾದರಿಯನ್ನು ಇನ್ನೂ ತೆಗೆದಿಲ್ಲ. ಮಾಗಿ ಉಳುಮೆ ಮಾಡುವುದಕ್ಕೂ ಕೊಟ್ಟಿಗೆ ಗೊಬ್ಬರ ಹರಡುವುದಕ್ಕೂ ಮೊದಲೇ ತೆಗೆಯಬೇಕಾದ್ದರಿಂದ ತಮ್ಮ ಮೊದಲ ಕೆಲಸ ಇದೇ ಆಗಲಿ. ಗೊಬ್ಬರದ ಗುಡ್ಡೆ ಇದ್ದ ಜಾಗ, ಬದುವಿನ ಅಂಚು ಮತ್ತು ಮರದ ನೆರಳನ್ನು ಬಿಟ್ಟು, ಅಂಕುಡೊಂಕಾಗಿ ನಡೆಯುತ್ತಾ ಗುರುತಿನ ಸುತ್ತ ಹತ್ತು ಕಡೆ V ಆಕಾರದ ಗುಂಡಿ ತೋಡಿ, ಬದಿಯಿಂದ ಒಂದೇ ದಪ್ಪಕ್ಕೆ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ತೆಗೆದುಹಾಕುತ್ತಾ ಅರ್ಧ ಕೆ.ಜಿ.ಗೆ ಇಳಿಸುವುದು ನಾವು ಇದುವರೆಗೆ ಅನುಸರಿಸಿರುವ ಕ್ರಮ.

ಮೇ ತಿಂಗಳ HSG ಫಲಿತಾಂಶಗಳು ಬಂದಿವೆ, ಆದರೆ ಅವುಗಳಲ್ಲಿ ಒಂದು ತಿದ್ದುಪಡಿ ಬಾಕಿ ಇದೆ. HSG-02-A-2505 ಮತ್ತು HSG-07-A-2505 ಎರಡರ ರಸಸಾರ ಕ್ರಮವಾಗಿ 5.6 ಮತ್ತು 5.8 ಇದ್ದರೂ, ಉಳಿದವುಗಳ ಜೊತೆಯಲ್ಲೇ ಅವುಗಳ ರಂಜಕವನ್ನೂ ನಾನು ಓಲ್ಸನ್ ವಿಧಾನದಲ್ಲಿ ಅಳೆದೆ. ಆಮ್ಲೀಯ ಮಣ್ಣಿಗೆ ಬ್ರೇ ವಿಧಾನ ಬಳಸಬೇಕಿತ್ತು. ತಪ್ಪು ನನ್ನದು. ಆ ಎರಡು ಅಂಕಿಗಳನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ. ಮರುಪರೀಕ್ಷೆ ಆಗುವವರೆಗೆ ಆ ಇಬ್ಬರು ರೈತರಿಗೆ ರಸಗೊಬ್ಬರದ ಶಿಫಾರಸು ಹೋಗಬಾರದು.

ವರ್ತೂರಿನ ಮಾದರಿಗಳ ವಿಷಯ ಹೆಚ್ಚು ಸೂಕ್ಷ್ಮ. ಆರು ಸ್ಥಳಗಳಿಂದ A ಮತ್ತು B ಆಳದಲ್ಲಿ ಹನ್ನೆರಡು ಮಾದರಿಗಳನ್ನು ನವೆಂಬರ್ 5 ಮತ್ತು 6ರಂದು ತೆಗೆದು, ನೆರಳಿನಲ್ಲಿ ಒಣಗಿಸಿ, ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮತ್ತು ನಿಕಲ್ ಪರೀಕ್ಷೆಗಾಗಿ 17ರಂದು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಿದ್ದೇನೆ. ಅವರು ಮೂರು ವಾರ ಕೇಳಿದ್ದಾರೆ. ಕಳುಹಿಸಿದ ಒಟ್ಟು ಪೊಟ್ಟಣಗಳು ಹದಿಮೂರು. VRT-07-A-2511 ಎಂಬುದು ಏಳನೆಯ ಸ್ಥಳವಲ್ಲ, ಅವರ ಅಳತೆಯನ್ನು ಪರಿಶೀಲಿಸಲು VRT-02-Aಯ ಮಣ್ಣನ್ನೇ ಬೇರೆ ಸಂಖ್ಯೆಯಲ್ಲಿ ಹಾಕಿದ ಪೊಟ್ಟಣ. ವರದಿ ಬಂದೊಡನೆ ಮೊದಲು ಈ ಎರಡರ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಅವು ಹೊಂದದಿದ್ದರೆ ಉಳಿದ ಅಂಕಿಗಳನ್ನು ಯಾರಿಗೂ ತಿಳಿಸುವ ಮೊದಲು ಮರುಪರೀಕ್ಷೆ ಕೇಳಬೇಕು.

VRT-03-A ಮತ್ತು VRT-05-A ಎರಡಕ್ಕೂ Q ಸೇರಿಸಿದ್ದೇನೆ. ಹಸಿ ಮಣ್ಣಿನ ತೇವಕ್ಕೆ ಚೀಲದೊಳಗಿನ ಚೀಟಿಗಳ ಶಾಯಿ ಹರಡಿ, ಸಂಖ್ಯೆ ಓದಲಾಗದಂತಾಗಿತ್ತು. ಜರಡಿ ಹಿಡಿದಾಗ ಒಂದು ಚೀಲದ ಮಣ್ಣಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಬಸವನಹುಳುವಿನ ಚಿಪ್ಪುಗಳು ಜರಡಿಯ ಮೇಲೆ ಉಳಿದವು, ಇನ್ನೊಂದರಲ್ಲಿ ಒಂದೂ ಇರಲಿಲ್ಲ. 05ರ ತೋಟಕ್ಕೆ ಕೆರೆಯ ಹೂಳು ಹೊಡೆಸಿದ್ದಾರೆಂದೂ ಅಲ್ಲಿ ಚಿಪ್ಪುಗಳಿವೆಯೆಂದೂ ಫೀಲ್ಡ್ ಬುಕ್ಕಿನಲ್ಲಿ ಅಂದೇ ಬರೆದುಕೊಂಡಿದ್ದರಿಂದ, ಅದರ ಆಧಾರದ ಮೇಲೆ ಗುರುತು ಹಚ್ಚಿದ್ದೇನೆ. ಗುರುತು ಸರಿಯೆಂದೇ ನನ್ನ ನಂಬಿಕೆ. ಆದರೂ ಎರಡರ ಫಲಿತಾಂಶದಲ್ಲಿ ದೊಡ್ಡ ಅಂತರ ಕಂಡರೆ ಹೊಸದಾಗಿ ಮಾದರಿ ತೆಗೆಯುವುದೇ ಸರಿ. ಅಂದಿನಿಂದ ಚೀಟಿಗಳನ್ನು ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದೇನೆ. VRT ಮಣ್ಣಿಗೆ ಪ್ಲಾಸ್ಟಿಕ್ ಸಲಿಕೆ ಮತ್ತು ನೈಲಾನ್ ಜರಡಿ ಮಾತ್ರ ಬಳಸಬೇಕು. ಸ್ಟೀಲ್ ಜರಡಿಯಿಂದ ಕ್ರೋಮಿಯಂ ಮತ್ತು ನಿಕಲ್ ಮಣ್ಣಿಗೆ ಸೇರುವ ಅಪಾಯವಿದೆ.

VRT-03ರ ತೋಟದ ಹಿರಿಯ ಹೆಣ್ಣುಮಗಳು ಹೋದಾಗಲೆಲ್ಲ "ಈ ದಂಟಿನ ಸೊಪ್ಪು ಮಕ್ಕಳಿಗೆ ಹಾಕಬೌದೇನಪ್ಪಾ?" ಎಂದು ಕೇಳುತ್ತಿದ್ದರು. ಮಣ್ಣಿನ ಅಂಕಿಯಿಂದ ಮಾತ್ರ ಇದಕ್ಕೆ ಉತ್ತರ ಹೇಳಲಾಗದು, ಏಕೆಂದರೆ ಮಣ್ಣಿನಲ್ಲಿರುವ ಲೋಹ ಸೊಪ್ಪಿಗೆ ಎಷ್ಟು ಏರುತ್ತದೆಂಬುದು ರಸಸಾರ, ಸಾವಯವ ಅಂಶ ಮತ್ತು ಬೆಳೆಯನ್ನು ಅವಲಂಬಿಸಿದೆ. ಸೊಪ್ಪಿನ ಮಾದರಿಯನ್ನೂ ಪರೀಕ್ಷಿಸಲು ಕೋರಿ ಮುಖ್ಯಸ್ಥರಿಗೆ ಪತ್ರ ಕೊಟ್ಟಿದ್ದು, ಒಪ್ಪಿಗೆ ಬರಬೇಕಿದೆ. ಫಲಿತಾಂಶ ಏನೇ ಇರಲಿ, ಖುದ್ದಾಗಿ ಬಂದು ತಿಳಿಸುತ್ತೇವೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ಅದನ್ನು ತಾವು ನಡೆಸಿಕೊಡಬೇಕೆಂದು ಮನಃಪೂರ್ವಕ ವಿನಂತಿ.

ದೇವನಹಳ್ಳಿಯ ಐದು ಸ್ಥಳಗಳ ಹದಿನೈದು ಮಾದರಿಗಳಲ್ಲಿ ರಸಸಾರ, ಲವಣಾಂಶ ಮತ್ತು ಸಾವಯವ ಇಂಗಾಲ ಮುಗಿದಿವೆ. ತಾಮ್ರ, ಸತು, ಕಬ್ಬಿಣ ಮತ್ತು ಮ್ಯಾಂಗನೀಸ್ ಬಾಕಿ. ಉಪಕರಣದ ತಾಮ್ರದ ದೀಪ ಕೆಟ್ಟಿದ್ದು, ಹೊಸದಕ್ಕೆ ಬೇಡಿಕೆ ಸಲ್ಲಿಸಲಾಗಿದೆ. ದ್ರಾಕ್ಷಿ ತೋಟಗಳಲ್ಲಿ ವರ್ಷಗಳಿಂದ ಬೋರ್ಡೋ ದ್ರಾವಣ ಸಿಂಪಡಿಸುತ್ತಾ ಬಂದಿರುವುದರಿಂದ ಮೇಲ್ಮಣ್ಣಿನಲ್ಲಿ ತಾಮ್ರ ಸೇರಿಕೊಂಡಿರಬಹುದೇ ಎಂಬುದೇ ನಮ್ಮ ಮುಖ್ಯ ಪ್ರಶ್ನೆ, ಮೂರು ಆಳದಲ್ಲಿ ಮಣ್ಣು ತೆಗೆದದ್ದೂ ಅದಕ್ಕೇ. ಫ್ರಿಜ್ಜಿನಲ್ಲಿರುವ ಅಕ್ಟೋಬರ್ ತಿಂಗಳ ಡಿಟಿಪಿಎ ಸಾರವನ್ನು ಬಳಸದೆ, 10 ಗ್ರಾಂ ಮಣ್ಣಿಗೆ 20 ಮಿ.ಲೀ. ದ್ರಾವಣ ಹಾಕಿ ಎರಡು ಗಂಟೆ ಕುಲುಕಿ ಹೊಸದಾಗಿ ತೆಗೆಯಿರಿ.

ಎಲ್ಲ ಮಾದರಿಗಳ ಉಳಿಕೆ ಮಣ್ಣು ಎರಡನೆಯ ರ್‍ಯಾಕಿನಲ್ಲಿ ಸಂಕೇತದ ಕ್ರಮದಲ್ಲೇ ಇದೆ. VRT ಡಬ್ಬಿಗಳನ್ನು ವರದಿ ಇತ್ಯರ್ಥವಾಗುವ ಮೊದಲು ಖಾಲಿ ಮಾಡಬಾರದು. ಕಂಪ್ಯೂಟರಿನಲ್ಲಿ `soil_register_2025.xlsx` ಕಡತದ `pending` ಹಾಳೆಯನ್ನು ಇಂದು ಮಧ್ಯಾಹ್ನದವರೆಗೆ ತುಂಬಿದ್ದೇನೆ. ಫೀಲ್ಡ್ ಬುಕ್ ಮತ್ತು ನೈಲಾನ್ ಜರಡಿ ಇರುವ ಕಪಾಟಿನ ಕೀಲಿಯನ್ನು ಮುಖ್ಯಸ್ಥರಿಗೆ ಒಪ್ಪಿಸಿದ್ದೇನೆ.

ತಮ್ಮ ವಿಶ್ವಾಸಿ,
ನಿರ್ಗಮಿಸುತ್ತಿರುವ ಮಣ್ಣು ತಂತ್ರಜ್ಞ