ಗೋಡೆ ದಾಟಿ ಬಂದ ವೈಫೈ ಎಷ್ಟು ಉಳಿದಿರುತ್ತದೆ? – ವಿಜ್ಞಾನ ಕ್ಲಬ್, ಶನಿವಾರದ ಪ್ರಯೋಗ

8 ಮತ್ತು 9ನೇ ತರಗತಿಯ ಮಕ್ಕಳೇ,

ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ವೈಫೈ ಚೆನ್ನಾಗಿ ಬರುತ್ತದೆ. ಪಕ್ಕದ ಲೈಬ್ರರಿಗೆ ಹೋದರೆ ವಿಡಿಯೊ ತಿರುಗುತ್ತಾ ನಿಲ್ಲುತ್ತದೆ. ಅದು ದೂರದಿಂದಲೋ, ನಡುವಿನ ಕೆಂಪು ಕಲ್ಲಿನ ಗೋಡೆಯಿಂದಲೋ? ಈ ಶನಿವಾರ ಅದನ್ನೇ ಅಳೆಯೋಣ.

ಬೇಕಾದದ್ದು: ಒಂದು ಆಂಡ್ರಾಯ್ಡ್ ಫೋನ್ (ನನ್ನದನ್ನೇ ಕೊಡುತ್ತೇನೆ), ಅದರಲ್ಲಿ ಸಿಗ್ನಲ್ ತೋರಿಸುವ ವೈಫೈ ಆ್ಯಪ್, ಅಳತೆ ಟೇಪು, ಸೀಮೆಸುಣ್ಣ, ಮರದ ಸ್ಟೂಲು, ನೋಟ್‌ಬುಕ್. ಪಾಸ್‌ವರ್ಡ್ ಬೇಡ. ಆ್ಯಪ್ ಸುಮ್ನೆ ಗಾಳಿಯಲ್ಲಿ ಬರುವ ಸಿಗ್ನಲ್ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಆದರೆ ಫೋನಿನ ಲೊಕೇಶನ್ ಆನ್ ಇರಬೇಕು. ಇಲ್ಲದಿದ್ದರೆ ಪಟ್ಟಿ ಖಾಲಿ ಕಾಣುತ್ತದೆ.

ಮೊದಲು ಅಂಕಿ ಓದುವುದನ್ನು ಕಲಿಯಿರಿ. ಆ್ಯಪ್‌ನಲ್ಲಿ -45 dBm ಎಂಬಂಥ ಅಂಕಿ ಬರುತ್ತದೆ. ಇದು ಮೈನಸ್ ಅಂಕಿ, ಹಾಗಾಗಿ -40 ಎಂದರೆ ಜೋರು, -80 ಎಂದರೆ ಸಣ್ಣ. ಇನ್ನೊಂದು ವಿಷಯ ಮನಸ್ಸಿನಲ್ಲಿ ಕೂರಬೇಕು: ಇದು ಸ್ಕೇಲಿನ ಸೆಂಟಿಮೀಟರ್ ಥರ ಅಲ್ಲ. 3 ಇಳಿದರೆ ಸಿಗ್ನಲ್‌ನ ಶಕ್ತಿ ಅರ್ಧ. 6 ಇಳಿದರೆ ಕಾಲು ಭಾಗ. 10 ಇಳಿದರೆ ಹತ್ತನೇ ಒಂದು ಪಾಲು. -40ರಿಂದ -70ಕ್ಕೆ ಬಂದರೆ ಉಳಿದದ್ದು ಸಾವಿರದಲ್ಲಿ ಒಂದು ಪಾಲು! ಆದರೂ ಫೋನ್ ಅದನ್ನು ಹಿಡಿದು ಕೆಲಸ ಮಾಡುತ್ತದೆ. ನನಗೆ ಇದು ಈಗಲೂ ಅಚ್ಚರಿ.

ಮೊದಲ ಭಾಗ, ದೂರ. ರೌಟರ್‌ನಿಂದ ಬಾಗಿಲ ಕಡೆಗೆ ನೇರವಾಗಿ 1, 2, 4, 8 ಮೀಟರ್‌ಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. 8 ಮೀಟರ್ ಗುರುತು ಜಗಲಿಯ ಆಚೆ ಅಂಗಳದಲ್ಲಿ ಬರುತ್ತದೆ, ಬಾಗಿಲು ತೆರೆದೇ ಇರಲಿ. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಸ್ಟೂಲಿನ ಮೇಲೆ ಪ್ರತಿ ಸಲ ಒಂದೇ ದಿಕ್ಕಿಗೆ ಇಡಿ. ರೌಟರ್ ಮತ್ತು ಫೋನಿನ ನಡುವೆ ಯಾರೂ ನಿಲ್ಲಬಾರದು. ನಮ್ಮ ಮೈಯಲ್ಲಿ ನೀರಿನ ಅಂಶವೇ ಜಾಸ್ತಿ ಅಲ್ವಾ, ಅದು ಈ ಅಲೆಗಳನ್ನು ಹೀರುತ್ತದೆ.

ಅವಸರ ಮಾಡಬೇಡಿ. ಆಂಡ್ರಾಯ್ಡ್ 9ರಿಂದ ಈಚೆಗೆ ಇಂಥ ಆ್ಯಪ್ 2 ನಿಮಿಷಕ್ಕೆ 4 ಸಲ ಮಾತ್ರ ಹೊಸದಾಗಿ ಸ್ಕ್ಯಾನ್ ಮಾಡಬಹುದು. ಅರ್ಧ ನಿಮಿಷ ಕಾಯದೆ ಓದಿದರೆ ಹಿಂದಿನ ಜಾಗದ ಅಂಕಿಯನ್ನೇ ಬರೆದುಕೊಂಡು ಬರುತ್ತೀರಿ. ಮೊನ್ನೆ ಮಾಡಿ ನೋಡುವಾಗ ಮೊದಲ ಸುತ್ತು ನನಗೂ ಹೀಗೇ ಕೆಟ್ಟಿತು. ಪ್ರತಿ ಜಾಗದಲ್ಲಿ 3 ಸಲ ಓದಿ, ಮೂರರಲ್ಲಿ ನಡುವಿನದನ್ನು ಇಟ್ಟುಕೊಳ್ಳಿ.

ಎರಡನೇ ಭಾಗ, ಗೋಡೆ. ಇಲ್ಲಿ ದೂರ ಬದಲಾಗಬಾರದು, ಇದೇ ಮುಖ್ಯ. ದೂರವೂ ಗೋಡೆಯೂ ಒಟ್ಟಿಗೆ ಬದಲಾದರೆ ಸಿಗ್ನಲ್ ಯಾವುದರಿಂದ ಇಳಿಯಿತು ಎಂದು ಹೇಳಲಾಗುವುದಿಲ್ಲ. ರೌಟರ್ ಲೈಬ್ರರಿ ಗೋಡೆಯಿಂದ ಸುಮಾರು 2 ಮೀಟರ್ ಈಚೆ ಇದೆ. ಗೋಡೆಯ ದಪ್ಪವನ್ನೂ ಸೇರಿಸಿ, ಆಚೆ ಬದಿಯಲ್ಲಿ ಒಟ್ಟು 4 ಮೀಟರ್ ಆಗುವಲ್ಲಿ ಸ್ಟೂಲು ಇಡಿ. ಆಮೇಲೆ ಅದೇ ಜಾಗದಲ್ಲಿ ಲೈಬ್ರರಿಯ ಕಬ್ಬಿಣದ ಬೀರುವನ್ನು ಸ್ಟೂಲಿನ ಮುಂದೆ ಸರಿಸಿ ಓದಿ. (ಬೀರು ಸರಿಸುವಾಗ ನಾನೂ ಇರುತ್ತೇನೆ, ನೀವೇ ತಳ್ಳಬೇಡಿ.)

2.4 ಗಿಗಾಹರ್ಟ್ಸ್‌ನಲ್ಲಿ ನನಗೆ ಸಿಕ್ಕಿದ್ದು:

| ಜಾಗ | dBm |
|---|---|
| 1 ಮೀ | -38 |
| 2 ಮೀ | -44 |
| 4 ಮೀ | -49 |
| 8 ಮೀ | -54 |
| 4 ಮೀ, ಗೋಡೆಯ ಆಚೆ | -58 |
| 4 ಮೀ, ಗೋಡೆ + ಬೀರು | -65 |

ಸಿಗ್ನಲ್ ಮುಂದೆ ಹೋದಂತೆ ಹರಡಿಕೊಳ್ಳುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಕ್ತಿ ಕಾಲು ಭಾಗಕ್ಕೆ ಬರಬೇಕು, ಎಂದರೆ 6 ಇಳಿಯಬೇಕು. ಮೊದಲ ಹೆಜ್ಜೆಯಲ್ಲಿ 6 ಸಿಕ್ಕಿದೆ, ಆಮೇಲೆ 5 ಮಾತ್ರ. ತಪ್ಪಾಯಿತೇ? ಇಲ್ಲ. ಕೋಣೆಯ ಗೋಡೆ, ನೆಲ, ಚಾವಣಿಗೆ ಬಡಿದು ವಾಪಸ್ ಬರುವ ಅಲೆಗಳೂ ಫೋನಿಗೆ ಸೇರುತ್ತವೆ. ಕೆಲವು ಕಡೆ ಅವು ಸಿಗ್ನಲ್ ಹೆಚ್ಚಿಸುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ. ಸ್ಟೂಲನ್ನು ಒಂದು ಗೇಣು ಸರಿಸಿದರೂ ಅಂಕಿ ಬದಲಾಗಬಹುದು. ನಿಮಗೆ 6 ಬರದಿದ್ದರೆ ದಯವಿಟ್ಟು ಅಂಕಿ ತಿದ್ದಬೇಡಿ. ಬಂದದ್ದನ್ನೇ ಬರೆಯಿರಿ.

ಈಗ 8 ಮೀಟರ್ ಸಾಲನ್ನೂ ಗೋಡೆಯ ಸಾಲನ್ನೂ ಪಕ್ಕಪಕ್ಕ ನೋಡಿ. ಎರಡನ್ನೂ ಗೋಡೆಯಿಲ್ಲದ 4 ಮೀಟರ್‌ನ -49ಕ್ಕೆ ಹೋಲಿಸಿ: ದೂರದಿಂದ 5 ಇಳಿದಿದೆ, ಗೋಡೆಯಿಂದ 9 ಇಳಿದಿದೆ, ಎಂದರೆ ಎಂಟನೇ ಒಂದು ಪಾಲು ಮಾತ್ರ ದಾಟಿದೆ. ದೂರ ಎರಡರಷ್ಟಾದದ್ದಕ್ಕಿಂತ ಈ ಒಂದು ಗೋಡೆಯ ಹೊಡೆತವೇ ಜಾಸ್ತಿ. ಕಲ್ಲು ಅಲೆಯನ್ನು ಹೀರಿ ಸ್ವಲ್ಪ ಬಿಸಿಯಾಗಿ ಬದಲಿಸುತ್ತದೆ, ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ಕಬ್ಬಿಣ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ತಳ್ಳುತ್ತದೆ. ಬೀರುವಿನ ಹಿಂದೆಯೂ ಸಿಗ್ನಲ್ ಸಿಕ್ಕಿದ್ದು ಅಂಚುಗಳನ್ನು ಬಳಸಿಕೊಂಡು, ಬೇರೆ ಗೋಡೆಗೆ ಬಡಿದು ಬಂದದ್ದು.

ಸಮಯ ಉಳಿದರೆ ಇದನ್ನೇ 5 ಗಿಗಾಹರ್ಟ್ಸ್‌ನಲ್ಲಿ ಮಾಡಿ. ಆ ಅಲೆಯ ಉದ್ದ ಸುಮಾರು 6 ಸೆಂಟಿಮೀಟರ್, 2.4ರದ್ದು ಸುಮಾರು 12. ಗೋಡೆ ಯಾವುದನ್ನು ಜಾಸ್ತಿ ತಿನ್ನುತ್ತದೆ ಎಂದು ಅಳೆಯುವ ಮೊದಲೇ ಊಹಿಸಿ ಬರೆದಿಡಿ.

ನೋಟ್‌ಬುಕ್ ಜೋಪಾನ. ಈಗ ಜನವರಿ, ಗೋಡೆ ಒಣಗಿದೆ. ಕೆಂಪು ಕಲ್ಲಿನ ತುಂಬ ತೂತು, ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಹೊಸ ವರ್ಷದ ತರಗತಿ ಶುರುವಾಗಿ ಮಳೆ ಹಿಡಿದ ಮೇಲೆ, ಇದೇ ಫೋನಿನಲ್ಲಿ ಇದೇ ಜಾಗದಲ್ಲಿ ಇನ್ನೊಂದು ಸಲ ಅಳೆಯೋಣ. ಅದಕ್ಕೇ ಸ್ಟೂಲಿನ ಜಾಗವನ್ನು ಈ ಸಲ ಸೀಮೆಸುಣ್ಣದ ಜೊತೆ ಪೇಂಟ್‌ನಲ್ಲೂ ಗುರುತು ಮಾಡಿ.